ಗೃಹಸಾಲದ ಬಡ್ಡಿ ನಡುವೆಯೇ ಏರಿದಾಗ: ಕಂತು ಏರಿಸುವುದೋ, ಅವಧಿ ಉದ್ದ ಮಾಡುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲ ಕಡೆ ಆಗಾಗ ಏರಿಳಿಯುವ ಫ್ಲೋಟಿಂಗ್ ದರದಲ್ಲಿ ಮನೆ ಸಾಲ ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟು ಮಾಡಲಾಗಿದೆ. ಲೆಕ್ಕಕ್ಕೆಲ್ಲ ಒಂದೇ ಉದಾಹರಣೆ: ಬಿಜೈಯಲ್ಲಿ ಫ್ಲ್ಯಾಟ್ ಕೊಳ್ಳಲು 2021ರ ಆರಂಭದಲ್ಲಿ ಪಡೆದ 30 ಲಕ್ಷ ರೂಪಾಯಿ ಸಾಲ, 20 ವರ್ಷ, ಬಡ್ಡಿ ಶೇ 6.75, ಕಂತು 22,811 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೆ ಬಾಕಿ ಅಸಲು 28,47,927 ರೂಪಾಯಿ, ಉಳಿದ ಕಂತು 216. ಆಗ ಬಡ್ಡಿ ಶೇ 9.25 ಆಯಿತು. ನಿಜದಲ್ಲಿ ಅದು ಆರು ಸಲ ಸ್ವಲ್ಪ ಸ್ವಲ್ಪವೇ ಏರಿದ್ದು. ಲೆಕ್ಕ ಸರಳವಾಗಲೆಂದು ಒಂದೇ ಏಟಿಗೆ ಏರಿತು ಎಂದು ಹಿಡಿದಿದ್ದೇವೆ.

## ಮೊದಲಿಗೆ

"ರೇಟು ಏರಿತು ಅಂತ ಪೇಪರ್‌ನಲ್ಲಿ ಓದಿದೆ. ಆದ್ರೆ ನನ್ನ ಕಂತು ಒಂದು ರೂಪಾಯಿ ಕೂಡ ಏರಲಿಲ್ಲ. ಹಾಗಾದ್ರೆ ನನಗೆ ಏನೂ ತಾಗಲಿಲ್ಲ ಅಲ್ವಾ?"

ತಾಗಿದೆ, ಖಾತೆಯಲ್ಲಿ ಕಾಣುತ್ತಿಲ್ಲ ಅಷ್ಟೆ. ಕಂತಿನ ಮೊತ್ತ ಹಾಗೇ ಇಟ್ಟು ತಿಂಗಳುಗಳ ಸಂಖ್ಯೆಯನ್ನು ಹೆಚ್ಚಿಸುವುದು ಹೆಚ್ಚಿನ ಬ್ಯಾಂಕುಗಳ ರೂಢಿ. ಗ್ರಾಹಕ ಜಗಳಕ್ಕೆ ಬರುವುದಿಲ್ಲ, ಕಂತು ತಪ್ಪುವುದಿಲ್ಲ, ಬಡ್ಡಿಯೂ ಹೆಚ್ಚು ದಿನ ಬರುತ್ತದೆ.

ಒಳಗೆ ಏನಾಗಿದೆ ನೋಡಿ. ಶೇ 6.75 ಇದ್ದಾಗ 28,47,927 ರೂಪಾಯಿಗೆ ಒಂದು ತಿಂಗಳ ಬಡ್ಡಿ ಸುಮಾರು 16,020 ರೂಪಾಯಿ. 22,811ರಲ್ಲಿ ಅದನ್ನು ಕಳೆದರೆ 6,791 ರೂಪಾಯಿ ಅಸಲಿಗೆ ಹೋಗುತ್ತಿತ್ತು. ಶೇ 9.25 ಆದಾಗ ಅದೇ ಬಾಕಿಗೆ ಬಡ್ಡಿ 21,953 ರೂಪಾಯಿ. ಅಸಲಿಗೆ ಉಳಿದದ್ದು 858 ರೂಪಾಯಿ. ನೀವು ಕಟ್ಟಿದ್ದು ಅಷ್ಟೇ ಹಣ, ಆದರೆ ಸಾಲ ತೀರುವ ವೇಗ ಎಂಟರಲ್ಲಿ ಒಂದು ಪಾಲಿಗೆ ಇಳಿಯಿತು.

"ಸೈನ್ ಹಾಕುವಾಗ 6.75 ಅಂದಿದ್ರಲ್ಲ, ಮಧ್ಯದಲ್ಲಿ ಬದಲು ಮಾಡ್ಲಿಕ್ಕೆ ಇವರಿಗೆ ಹಕ್ಕು ಉಂಟಾ?"

ಉಂಟು. ನಿಮ್ಮ ಮಂಜೂರಾತಿ ಪತ್ರದಲ್ಲಿ ದರವನ್ನು ಎರಡು ತುಂಡಾಗಿ ಬರೆದಿರುತ್ತಾರೆ: ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ, ಅದರ ಮೇಲೆ ನಿಮ್ಮ ಬ್ಯಾಂಕ್ ಸೇರಿಸುವ ಸ್ಪ್ರೆಡ್. ನಮ್ಮ ಉದಾಹರಣೆಯಲ್ಲಿ 4.00 ಮತ್ತು 2.75. 2019ರ ಅಕ್ಟೋಬರ್ 1ರ ನಂತರ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ಗೃಹಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕು. ಹೆಚ್ಚಿನವು ರೆಪೊಗೆ ಕಟ್ಟಿಕೊಂಡಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೊ 4.00ರಿಂದ 6.50ಕ್ಕೆ ಏರಿತು. ಸ್ಪ್ರೆಡ್ ಹಾಗೇ ಇದ್ದು ದರ 9.25 ಆಯಿತು.

ರೆಪೊ ಏರಿದಷ್ಟೇ ನಿಮ್ಮ ದರ ಏರಿದ್ದರೆ ತಕರಾರಿಗೆ ಜಾಗ ಇಲ್ಲ. ಅದಕ್ಕಿಂತ ಹೆಚ್ಚು ಏರಿದ್ದರೆ ಸ್ಪ್ರೆಡ್ ಯಾಕೆ ಬದಲಾಯಿತು ಎಂದು ಕೇಳಿ. ಅದರಲ್ಲಿ ನಿಮ್ಮ ಸಾಲದ ಅಪಾಯಕ್ಕೆಂದು ಸೇರಿಸಿದ ಭಾಗವನ್ನು, ನಿಮ್ಮ ಕ್ರೆಡಿಟ್ ಸ್ಥಿತಿ ಗಣನೀಯವಾಗಿ ಬದಲಾಗದೆ, ಏರಿಸುವ ಹಾಗಿಲ್ಲ.

"18 ವರ್ಷ ಬಾಕಿ ಇದ್ದದ್ದು ಆ್ಯಪ್‌ನಲ್ಲಿ 35 ವರ್ಷ ತೋರಿಸ್ತಾ ಉಂಟು. ಇದು ಸಾಫ್ಟ್‌ವೇರ್ ತಪ್ಪಾ?"

ತಪ್ಪಲ್ಲ, ಲೆಕ್ಕ ಸರಿಯೇ. 22,811ರ ಕಂತಿನಲ್ಲೇ 28,47,927 ರೂಪಾಯಿ ಶೇ 9.25ಕ್ಕೆ ತೀರಬೇಕಾದರೆ 427 ತಿಂಗಳು ಬೇಕು. 35 ವರ್ಷ 7 ತಿಂಗಳು. ಬಡ್ಡಿ ಎರಡೂವರೆ ಪರ್ಸೆಂಟ್ ಏರಿದ್ದಕ್ಕೆ ಅವಧಿ ಹೆಚ್ಚುಕಡಿಮೆ ಇಮ್ಮಡಿ ಆಗುವುದು ಯಾಕೆಂದರೆ, ಸಾಲದ ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತಿರುತ್ತದೆ. ಏರಿದ ಬಡ್ಡಿ ನುಂಗುವುದು ಆ ಸಣ್ಣ ಅಸಲಿನ ಪಾಲನ್ನು. ಇನ್ನು ನಾಲ್ಕೈದು ವರ್ಷವಷ್ಟೇ ಉಳಿದ ಸಾಲದಲ್ಲಿ ಇದೇ ಏರಿಕೆಗೆ ಕೆಲವು ತಿಂಗಳು ಮಾತ್ರ ಹೆಚ್ಚಾಗುತ್ತದೆ. ಅಂಥವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

## ಲೆಕ್ಕಕ್ಕೆ ಕೂತಾಗ

"ಕಂತು ಏರಿಸಿದ್ರೆ ಎಷ್ಟು, ಅವಧಿ ಉದ್ದ ಮಾಡಿದ್ರೆ ಎಷ್ಟು? ಸುತ್ತಿಬಳಸದೆ ಹೇಳಿ."

| ಆಯ್ಕೆ | ತಿಂಗಳ ಕಂತು | ಉಳಿದ ತಿಂಗಳು | ಇನ್ನು ಕಟ್ಟಬೇಕಾದ ಬಡ್ಡಿ |
|---|---|---|---|
| ಕಂತು ಹಾಗೇ, ಅವಧಿ ಉದ್ದ | 22,811 | 427 | ಸುಮಾರು 69 ಲಕ್ಷ |
| ನಡುದಾರಿ | 25,000 | 274 | ಸುಮಾರು 40 ಲಕ್ಷ |
| ಅವಧಿ ಹಾಗೇ, ಕಂತು ಏರಿಕೆ | 27,116 | 216 | ಸುಮಾರು 30 ಲಕ್ಷ |

ದರ ಏರದೇ ಇದ್ದಿದ್ದರೆ ಇನ್ನು ಕಟ್ಟಬೇಕಾಗಿದ್ದ ಬಡ್ಡಿ 21 ಲಕ್ಷದೊಳಗೆ ಇರುತ್ತಿತ್ತು. ದರ ಏರಿದ್ದರಿಂದ ಆದ ಹೊರೆ ತಪ್ಪಿಸಲಾಗದ 9 ಲಕ್ಷ. ಅದರ ಮೇಲಿನ 39 ಲಕ್ಷ ಅವಧಿ ಉದ್ದ ಮಾಡಿದ್ದಕ್ಕೆ ಬಿದ್ದ ಹೊರೆ. ಮೊದಲಿನದು ರಿಸರ್ವ್ ಬ್ಯಾಂಕ್ ಕೈಯಲ್ಲಿ, ಎರಡನೆಯದು ನಿಮ್ಮ ಕೈಯಲ್ಲಿ.

"ನಾಲ್ಕು ಸಾವಿರದ ಮುನ್ನೂರು ಏರಿಸ್ಲಿಕ್ಕೆ ಸಂಬಳದಲ್ಲಿ ಜಾಗ ಇಲ್ಲ ಮಾರಾಯ್ರೆ. ಒಂದು ಸಾವಿರ ಏರಿಸಿದ್ರೆ ಏನಾದ್ರೂ ಪ್ರಯೋಜನ ಉಂಟಾ?"

ಪ್ರಯೋಜನ ಇರುವುದೇ ಆ ಮೊದಲ ಸಾವಿರದಲ್ಲಿ. ಕಂತನ್ನು 22,811ರಿಂದ 23,811 ಮಾಡಿದರೆ 427 ತಿಂಗಳು 332ಕ್ಕೆ ಇಳಿಯುತ್ತದೆ. ಒಂದು ಸಾವಿರಕ್ಕೆ 95 ತಿಂಗಳು, ಅಂದರೆ ಎಂಟು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಅಲ್ಲಿಂದ 25,000ಕ್ಕೆ ಹೋಗಲು ಇನ್ನೊಂದು 1,189 ಸೇರಿಸಿದರೆ 58 ತಿಂಗಳು ಇಳಿಯುತ್ತದೆ. 25,000ದಿಂದ 27,116ಕ್ಕೆ 2,116 ಸೇರಿಸಿದಾಗಲೂ ಇಳಿಯುವುದು ಅದೇ 58 ತಿಂಗಳು.

ಕಾರಣ ಮೇಲೆ ಹೇಳಿದ 858 ರೂಪಾಯಿಯಲ್ಲಿದೆ. ಬಡ್ಡಿ 21,953 ಹೇಗೂ ಕಟ್ಟಿ ಆಯಿತು. ಮೇಲಿನ ಸಾವಿರ ಇಡಿಯಾಗಿ ಅಸಲಿಗೆ ಹೋಗುತ್ತದೆ. 858 ಇದ್ದದ್ದು 1,858 ಆಗುತ್ತದೆ, ಅಸಲು ಕರಗುವ ವೇಗ ಇಮ್ಮಡಿಗಿಂತ ಹೆಚ್ಚು. ಹಾಗಾಗಿ "ಪೂರ್ತಿ ಏರಿಸಲು ಆಗುವುದಿಲ್ಲ, ಅದಕ್ಕೆ ಏನೂ ಮಾಡಲಿಲ್ಲ" ಎನ್ನುವುದೇ ಈ ವಿಷಯದಲ್ಲಿ ನಾವು ಕಾಣುವ ಅತಿ ದುಬಾರಿ ತಪ್ಪು. ಆದಷ್ಟು ಏರಿಸಿ, ಮುಂದಿನ ವರ್ಷ ಸಂಬಳ ಏರಿದಾಗ ಇನ್ನಷ್ಟು.

"ನನ್ನ ಸಾಲದ ಲೆಕ್ಕ ನಾನೇ ಹಾಕೋದು ಹೇಗೆ?"

ಬ್ಯಾಂಕಿನ ಸ್ಟೇಟ್‌ಮೆಂಟಿನಿಂದ ಮೂರು ಅಂಕಿ ತೆಗೆದುಕೊಳ್ಳಿ: ಇವತ್ತಿನ ಬಾಕಿ ಅಸಲು, ಇವತ್ತಿನ ದರ, ಉಳಿದ ತಿಂಗಳು. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಮೊದಲ ಸಾಲು ಅವಧಿ ಹಾಗೇ ಇಟ್ಟರೆ ಕಂತು ಎಷ್ಟೆಂದು ಹೇಳುತ್ತದೆ, ಎರಡನೆಯದು ಕಂತು ಹಾಗೇ ಇಟ್ಟರೆ ಎಷ್ಟು ತಿಂಗಳೆಂದು.

```
=PMT(9.25%/12,216,-2847927)
=NPER(9.25%/12,22811,-2847927)
```

ಎರಡನೆಯದರಲ್ಲಿ #NUM! ಎಂದು ಬಂದರೆ ನೀವು ತಪ್ಪು ಟೈಪ್ ಮಾಡಿದ್ದೀರಿ ಎಂದೇ ಅಲ್ಲ. ಆ ಕಂತು ಬಡ್ಡಿಗೂ ಸಾಲುವುದಿಲ್ಲ ಎಂದಿರಬಹುದು. ಅದರ ವಿಷಯ ಕೆಳಗೆ ಇದೆ.

"ಅವಧಿ ಉದ್ದ ಮಾಡಿ, ಉಳಿದ ನಾಲ್ಕು ಸಾವಿರವನ್ನು ಎಸ್‌ಐಪಿಗೆ ಹಾಕು ಅಂತಾರೆ ಭಾವ. ಅವರು ಹೇಳೋದು ಸರಿಯಾ?"

ಲೆಕ್ಕದಲ್ಲಿ ಸರಿ ಇರಬಹುದು, ಎರಡು ಷರತ್ತಿಗೆ. ತೆರಿಗೆ ಕಳೆದು ಶೇ 9.25ಕ್ಕಿಂತ ಹೆಚ್ಚು ಆದಾಯ ವರ್ಷಗಟ್ಟಲೆ ಬರಬೇಕು. ಸಾಲಕ್ಕೆ ಕಟ್ಟಿದ ಹಣದ ಶೇ 9.25 ಖಚಿತ, ಷೇರು ಪೇಟೆಯದು ಖಚಿತವಲ್ಲ. ಎರಡನೆಯದಾಗಿ, ಆ ನಾಲ್ಕು ಸಾವಿರ ತಿಂಗಳು ತಿಂಗಳೂ ನಿಜಕ್ಕೂ ಎಸ್‌ಐಪಿಗೆ ಹೋಗಬೇಕು. ಮನೆಯಲ್ಲಿ ಒಂದು ಮದುವೆ, ಒಂದು ಬ್ರಹ್ಮಕಲಶೋತ್ಸವ ಬಂದಾಗ ನಿಲ್ಲುವ ಎಸ್‌ಐಪಿ ಈ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕ್ ಎಫ್‌ಡಿ ಇಟ್ಟುಕೊಂಡು ಅವಧಿ ಉದ್ದ ಮಾಡುವುದಂತೂ ನಷ್ಟವೇ.

ಅವಧಿ ಉದ್ದ ಮಾಡುವುದು ನಿಜಕ್ಕೂ ಜಾಣತನ ಆಗುವುದು ಬೇರೆ ಕಡೆ: ಕ್ರೆಡಿಟ್ ಕಾರ್ಡ್ ಅಥವಾ ಪರ್ಸನಲ್ ಲೋನ್ ಬಾಕಿ ಇದ್ದರೆ ಮೊದಲು ಅದು ತೀರಲಿ. ಗಲ್ಫ್ ಕೆಲಸ ಬಿಟ್ಟು ಬಂದು ಊರಲ್ಲಿ ಹೊಸ ಕೆಲಸ ಹುಡುಕುತ್ತಿದ್ದರೆ, ಕೈಯಲ್ಲಿ ಆರು ತಿಂಗಳ ಖರ್ಚಿನ ಹಣ ಇಲ್ಲದಿದ್ದರೆ, ಕಂತು ಏರಿಸಲು ಹೋಗಬೇಡಿ. ಉದ್ದ ಮಾಡಿದ ಅವಧಿಯನ್ನು ಮುಂದೆ ಕುಗ್ಗಿಸಬಹುದು. ತಪ್ಪಿದ ಕಂತು ಕ್ರೆಡಿಟ್ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

## ಬ್ಯಾಂಕಿಗೆ ಹೋದಾಗ

"ಅವಧಿ ಉದ್ದ ಮಾಡುವಾಗ ನನ್ನ ಹತ್ರ ಯಾರೂ ಕೇಳಲೇ ಇಲ್ಲ. ಈಗ ಹೇಳಿದ್ರೆ ಬದಲು ಮಾಡ್ತಾರಾ?"

ಮಾಡುತ್ತಾರೆ. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಉದ್ದ ಮಾಡುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆ ಸಾಲಗಾರನಿಗೆ ಸಿಗಬೇಕು. ಮೂರು ತಿಂಗಳಿಗೊಮ್ಮೆ ಕೊಡುವ ವಿವರದಲ್ಲಿ ಅಲ್ಲಿಯವರೆಗೆ ಕಟ್ಟಿದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ ಇರಬೇಕು. ಹಳೆಯ ಸಾಲಗಳಿಗೂ ಇದು ಅನ್ವಯ.

ಬಾಯಿಮಾತಿನಲ್ಲಿ ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೆಯೇ ಬರ್ತದೆ" ಎಂಬ ಉತ್ತರ ಸಿಗುವುದುಂಟು. ಒಂದು ಹಾಳೆಯಲ್ಲಿ ಬರೆದು ಕೊಡಿ: ಸಾಲದ ಖಾತೆ ಸಂಖ್ಯೆ, "ಕಂತನ್ನು 25,000 ರೂಪಾಯಿಗೆ ಏರಿಸಿ, ಅದಕ್ಕೆ ತಕ್ಕ ಹಾಗೆ ಅವಧಿ ಕಡಿಮೆ ಮಾಡಿ" ಎಂಬ ಒಂದೇ ವಾಕ್ಯ, ಯಾವ ತಿಂಗಳಿಂದ ಎಂಬುದು. ಬರೀ "ಕಂತು ಏರಿಸಿ" ಎಂದು ಬರೆಯಬೇಡಿ, ಮೊತ್ತ ಹಾಕಿ. ಜಂಟಿ ಸಾಲವಾದರೆ ಇಬ್ಬರದೂ ಸಹಿ ಬೇಕು. ಇನ್ನೊಂದು ಪ್ರತಿಯ ಮೇಲೆ ಸೀಲ್ ಮತ್ತು ತಾರೀಕು ಹಾಕಿಸಿಕೊಳ್ಳಿ. ಹೊಸ ಕಂತುಗಳ ಪಟ್ಟಿ ಕೈಗೆ ಬಂದ ಮೇಲೆಯೇ ಕೆಲಸ ಆಯಿತು ಎಂದು ತಿಳಿಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ವಕೀಲರು ಬೇಕಾಗಿಲ್ಲ.

"ಕಂತು ಏರಿಸಿ ಕೊಟ್ಟೆ. ಮುಂದಿನ ತಿಂಗಳೇ ಬೌನ್ಸ್ ಅಂತ ಮೆಸೇಜು. ಖಾತೆಯಲ್ಲಿ ದುಡ್ಡು ಇತ್ತಲ್ಲ!"

ಸಂಬಳದ ಖಾತೆ ಒಂದು ಬ್ಯಾಂಕಿನಲ್ಲಿ, ಸಾಲ ಇನ್ನೊಂದರಲ್ಲಿ ಇದ್ದವರಿಗೆ ಆಗುವ ತೊಂದರೆ ಇದು. ಸಂಬಳದ ಖಾತೆಯಿಂದ ಕಂತು ತಾನಾಗಿ ಕಟ್ ಆಗಲೆಂದು ನೀವು ಸಹಿ ಹಾಕಿಕೊಟ್ಟ ನಾಚ್ ಮ್ಯಾಂಡೇಟಿಗೆ ಒಂದು ಗರಿಷ್ಠ ಮೊತ್ತ ಇರುತ್ತದೆ. ಅದು 24,000 ಎಂದಿದ್ದರೆ 25,000ದ ಕಂತು ಅದರಲ್ಲಿ ಹೋಗುವುದಿಲ್ಲ, ಖಾತೆಯಲ್ಲಿ ಲಕ್ಷ ಇದ್ದರೂ. ಅರ್ಜಿ ಕೊಡುವ ದಿನವೇ ಮ್ಯಾಂಡೇಟಿನ ಮಿತಿ ಕೇಳಿ, ಕಡಿಮೆ ಇದ್ದರೆ ಹೊಸದು ಕೊಡಿ. ಹೊಸದು ನೋಂದಣಿಯಾಗುವ ತನಕ ವ್ಯತ್ಯಾಸದ ಹಣವನ್ನು ನೀವೇ ಸಾಲದ ಖಾತೆಗೆ ಹಾಕಿ. ಅದೇ ಬ್ಯಾಂಕಿನ ಖಾತೆಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಇದ್ದರೆ ಇನ್ನೊಂದು ಬಗೆಯ ಎಡವಟ್ಟು: ಕಂತು 25,000 ಆಗಿದ್ದರೂ ಹಳೆಯ 22,811 ಮಾತ್ರ ಕಟ್ ಆಗಿ, ಉಳಿದದ್ದು ಬಾಕಿ ಎಂದು ಬೀಳುತ್ತದೆ. ಮೊದಲ ಎರಡು ತಿಂಗಳು ಸ್ಟೇಟ್‌ಮೆಂಟ್ ತೆಗೆದು ನೋಡುವುದು ಒಳ್ಳೆಯದು.

"ನಾನು ಏನೂ ಹೇಳದೆ ಬ್ಯಾಂಕಿನವರೇ 618 ರೂಪಾಯಿ ಏರಿಸಿದ್ದಾರೆ. ಇದು ಯಾವ ಲೆಕ್ಕ?"

ನಿಮ್ಮ ವಯಸ್ಸಿನ ಲೆಕ್ಕ. ಸಾಲಗಾರನಿಗೆ ಇಂತಿಷ್ಟು ವಯಸ್ಸಾಗುವ ಮೊದಲು ಸಾಲ ತೀರಬೇಕೆಂದು ಪ್ರತಿ ಬ್ಯಾಂಕಿಗೂ ಮಿತಿ ಇರುತ್ತದೆ. ಮಿತಿ 70 ಎಂದುಕೊಳ್ಳಿ, ನಿಮಗೆ ಈಗ 40. ಆಗ 427 ತಿಂಗಳು ಕೊಡಲು ಆಗುವುದಿಲ್ಲ, ಹೆಚ್ಚೆಂದರೆ 360. ಅಷ್ಟರಲ್ಲಿ ಸಾಲ ತೀರಬೇಕಾದರೆ ಕಂತು 23,429 ಬೇಕು, ಹಳೆಯದಕ್ಕಿಂತ 618 ಹೆಚ್ಚು. ಬ್ಯಾಂಕ್ ಮೊದಲು ಅವಧಿಯನ್ನು ಕೊನೆಯ ಗೆರೆಯ ತನಕ ಎಳೆದು, ಉಳಿದದ್ದನ್ನು ಮಾತ್ರ ಕಂತಿಗೆ ಹಾಕಿದೆ. ಸಣ್ಣ ಏರಿಕೆ ಎಂದು ಸಮಾಧಾನಪಡಬೇಡಿ. ಅವಧಿ ಗರಿಷ್ಠಕ್ಕೆ ಮುಟ್ಟಿದೆ ಎಂದು ಅದರ ಅರ್ಥ.

"ಅಡಿಕೆ ಮಾರಿದ ಒಂದು ಲಕ್ಷ ಕೈಯಲ್ಲಿ ಉಂಟು. ಕಂತು ಏರಿಸುವ ಬದಲು ಅದನ್ನೇ ಕಟ್ಟಿದ್ರೆ ಆಗ್ತದಾ?"

ಖಂಡಿತ. ತಿಂಗಳ ಸಂಬಳ ಇಲ್ಲದ, ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಬರುವ ತೋಟದವರಿಗೆ, ಹಡಗಿನಲ್ಲಿ ಕೆಲಸ ಮಾಡುವವರಿಗೆ ಇದೇ ಸಲೀಸು. 22,811ರ ಕಂತು ಹಾಗೇ ಇಟ್ಟು ಒಂದು ಲಕ್ಷ ಅಸಲಿಗೆ ಕಟ್ಟಿದರೆ 427 ತಿಂಗಳು 344ಕ್ಕೆ ಇಳಿಯುತ್ತದೆ. ಕಂತೂ ಏರಬಾರದು, ಹಳೆಯ 216 ತಿಂಗಳಲ್ಲೇ ತೀರಬೇಕು ಎಂದಾದರೆ ಸುಮಾರು 4.52 ಲಕ್ಷ ಕಟ್ಟಬೇಕು. ವ್ಯಕ್ತಿಗಳ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಬ್ಯಾಂಕುಗಳು ಮುಂಗಡ ಪಾವತಿ ಶುಲ್ಕ ಹಾಕುವಂತಿಲ್ಲ.

ಎಡವುವುದು ಎರಡು ಕಡೆ. ಹಣ ಕಟ್ಟಿದ ಮೇಲೆ ಕೆಲವು ಕಡೆ ಅವಧಿ ಬಿಟ್ಟು ಕಂತನ್ನು ಇಳಿಸಿಬಿಡುತ್ತಾರೆ. "ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ" ಎಂದು ಚಲನ್ ಜೊತೆಗೇ ಬರೆದು ಕೊಡಿ. ಇನ್ನೊಂದು, ಹಣ ಅಸಲಿಗೆ ಸೇರದೆ ಮುಂದಿನ ಕಂತುಗಳ ಮುಂಗಡ ಎಂದು ಖಾತೆಯಲ್ಲಿ ಕೂತುಬಿಡುವುದು. ಎರಡು ದಿನ ಬಿಟ್ಟು ಬಾಕಿ ಅಸಲು ಪೂರ್ತಿ ಒಂದು ಲಕ್ಷ ಇಳಿದಿದೆಯೇ ನೋಡಿ.

## ಇನ್ನೂ ಸ್ವಲ್ಪ ಆಳಕ್ಕೆ

"ಕಟ್ತಾ ಇದ್ರೂ ಸಾಲ ಬೆಳೀತಾ ಹೋಗುದು ಸಾಧ್ಯವಾ?"

ಕಂತಿಗಿಂತ ಬಡ್ಡಿ ದೊಡ್ಡದಾದರೆ ಸಾಧ್ಯ. ನಮ್ಮ ಉದಾಹರಣೆಯಲ್ಲಿ ಆ ಗಡಿ ಶೇ 9.61ರ ಹತ್ತಿರ. ದರ 9.65 ಆಗಿದ್ದರೆ ತಿಂಗಳ ಬಡ್ಡಿ 22,902, ಕಂತು 22,811. ಕೊರತೆಯಾದ 91 ರೂಪಾಯಿ ಅಸಲಿಗೆ ಸೇರಿ ಅದಕ್ಕೂ ಬಡ್ಡಿ ಬೀಳುತ್ತಿತ್ತು. ಎಷ್ಟೇ ಅವಧಿ ಕೊಟ್ಟರೂ ಆ ಸಾಲ ತೀರುವುದಿಲ್ಲ. ಅವಧಿ ಉದ್ದ ಮಾಡಿ ಹೀಗಾಗಲು ಬಿಡಬಾರದು ಎಂದು 2023ರ ಅದೇ ಸುತ್ತೋಲೆ ಹೇಳುತ್ತದೆ. ನಿಮ್ಮ ಗಡಿ ಗೊತ್ತಾಗಬೇಕಾದರೆ ಕಂತನ್ನು 12ರಿಂದ ಗುಣಿಸಿ ಬಾಕಿ ಅಸಲಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಈಗಿನ ದರ ಅದರ ಅರ್ಧ ಪರ್ಸೆಂಟ್ ಒಳಗೆ ಬಂದಿದ್ದರೆ ಕಾಯಬೇಡಿ, ಆ ವಾರವೇ ಕಂತು ಏರಿಸಿ.

"2025ರಲ್ಲಿ ರೇಟು ಇಳೀತು. ಇನ್ನು ಎಲ್ಲ ತಾನಾಗಿ ಸರಿಯಾಗ್ತದೆ ಅಲ್ವಾ?"

ಅರ್ಧ ಮಾತ್ರ. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರೆಪೊ 6.50ರಿಂದ 5.25ಕ್ಕೆ ಬಂತು, ಉದಾಹರಣೆಯ ದರ ಶೇ 8.00 ಆಯಿತು. ಆದರೆ ಅವಧಿ ಉದ್ದ ಮಾಡಿಕೊಂಡವರು ಶೇ 9.25ರಲ್ಲಿ ಎರಡು ವರ್ಷ ಕಳೆದರು. ಆ 24 ತಿಂಗಳಲ್ಲಿ ಅವರು ಕಟ್ಟಿದ್ದು 5,47,464 ರೂಪಾಯಿ. ಅಸಲು ಇಳಿದದ್ದು ಸುಮಾರು 22,500. ಒಂದು ತಿಂಗಳ ಕಂತಿನಷ್ಟೂ ಇಲ್ಲ. ಈಗ ಶೇ 8ರಲ್ಲಿ ಅದೇ 22,811 ಕಟ್ಟಿದರೆ 263 ತಿಂಗಳು ಬಾಕಿ. ಮೂಲ ಲೆಕ್ಕದಲ್ಲಿ ಉಳಿಯಬೇಕಾಗಿದ್ದದ್ದು 192. ದರ ಇಳಿದ ಮೇಲೂ ಸುಮಾರು ಆರು ವರ್ಷ ಹಿಂದೆ ಬಿದ್ದಿದ್ದಾರೆ. 192ಕ್ಕೆ ತರಬೇಕಾದರೆ ಕಂತು 26,133 ಆಗಬೇಕು.

ಮೊದಲೇ 27,116ಕ್ಕೆ ಏರಿಸಿಕೊಂಡವರ ಬಾಕಿ ಅಷ್ಟರಲ್ಲಿ 27.12 ಲಕ್ಷಕ್ಕೆ ಇಳಿದಿರುತ್ತದೆ. ಅವರ ಮುಂದೆ ಈಗ ಒಳ್ಳೆಯ ಆಯ್ಕೆ ಇದೆ: 192 ತಿಂಗಳು ಹಾಗೇ ಇಟ್ಟು ಕಂತು 25,088ಕ್ಕೆ ಇಳಿಸುವುದು, ಇಲ್ಲವೇ 27,116ನ್ನೇ ಕಟ್ಟುತ್ತ 165 ತಿಂಗಳ ಸುಮಾರಿಗೆ ಮುಗಿಸುವುದು. ಆ ಕಂತು ಎರಡು ವರ್ಷದಲ್ಲಿ ಅಭ್ಯಾಸವಾಗಿದ್ದರೆ ಇಳಿಸದಿರುವುದೇ ಮೇಲು. ದರ ಇಳಿದಾಗ ಬ್ಯಾಂಕ್ ತಾನಾಗಿ ಯಾವುದನ್ನು ಇಳಿಸುತ್ತದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಆಗಲೂ ಬರೆದು ತಿಳಿಸಬೇಕು.

"ಬಡ್ಡಿ ಹೆಚ್ಚಾದ್ರೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಉಳಿತಾಯವೂ ಹೆಚ್ಚಲ್ವಾ?"

ಇಲ್ಲ. ಸ್ವಂತ ವಾಸದ ಮನೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ತನಕ ಮಾತ್ರ ಬಡ್ಡಿ ಕಡಿತ. ಅವಧಿ ಉದ್ದ ಮಾಡಿಕೊಂಡವರು ಮೊದಲ ವರ್ಷ ಕಟ್ಟುವ ಬಡ್ಡಿ ಸುಮಾರು 2.63 ಲಕ್ಷ; ಮೇಲಿನ 63 ಸಾವಿರಕ್ಕೆ ಏನೂ ಸಿಗುವುದಿಲ್ಲ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಈ ಕಡಿತವೇ ಇಲ್ಲ.

"ನನ್ನ ಸಾಲ ಬ್ಯಾಂಕಿನದ್ದಲ್ಲ, ಹೌಸಿಂಗ್ ಫೈನಾನ್ಸಿನದ್ದು. ತಮ್ಮನದ್ದು ಸೌಹಾರ್ದ ಸಹಕಾರಿಯದ್ದು. ಇದೆಲ್ಲ ನಮಗೂ ಅನ್ವಯ ಆಗ್ತದಾ?"

ಲೆಕ್ಕ ಎಲ್ಲರಿಗೂ ಒಂದೇ, ನಿಯಮ ಬೇರೆ. ಹೌಸಿಂಗ್ ಫೈನಾನ್ಸ್ ಕಂಪನಿಗಳು ದರವನ್ನು ರೆಪೊಗೆ ಕಟ್ಟಬೇಕೆಂದಿಲ್ಲ. ತಮ್ಮದೇ ಮೂಲ ದರ ಇಟ್ಟುಕೊಳ್ಳುತ್ತವೆ. ಹಾಗಾಗಿ ರೆಪೊ ಇಳಿದ ಸುದ್ದಿ ಬಂದ ಕೂಡಲೇ ನಿಮ್ಮ ದರ ಇಳಿಯಬೇಕು ಎಂದು ವಾದಿಸಲು ಆಗುವುದಿಲ್ಲ. ಆದರೆ ಕಂತು ಅಥವಾ ಅವಧಿ ಎಂಬ ಆಯ್ಕೆ ಕೊಡುವ 2023ರ ಸುತ್ತೋಲೆ ಅವುಗಳಿಗೂ, ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ.

ಸೌಹಾರ್ದ ಸಹಕಾರಿಗಳು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ಬರುವಂಥವು, ಅವುಗಳಲ್ಲಿ ಬ್ಯಾಂಕ್ ಅಲ್ಲದವುಗಳಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ನಡೆಯುವುದಿಲ್ಲ. ತಮ್ಮನ ಸಾಲಪತ್ರದಲ್ಲಿ ದರ ಬದಲಾವಣೆ ಮತ್ತು ಮುಂಗಡ ಪಾವತಿಯ ಬಗ್ಗೆ ಏನು ಬರೆದಿದೆಯೋ ಅದನ್ನೇ ಮೊದಲು ಓದಬೇಕು. ಕಂತು ಏರಿಸುವುದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕೇ ಎಂದು ಕಾರ್ಯದರ್ಶಿಯ ಹತ್ತಿರ ಕೇಳಿ.